ಸಹಾಯ ಬೇಕು: ಪೊಟ್ಯಾಶಿಯಂ ಸಾಲು ಚೌಕದೊಳಗೆ ಹಿಡಿಸುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಆಸ್ಪತ್ರೆಯೊಂದರಲ್ಲಿ ಕಿರಿಯ ವೈದ್ಯೆ ನಾನು. ರಾತ್ರಿ ಪಾಳಿಯವರಿಗಾಗಿ ಎಲೆಕ್ಟ್ರೊಲೈಟ್ ಏರುಪೇರುಗಳ ಒಂದೇ ಹಾಳೆಯ ಪಟ್ಟಿ ಮಾಡುತ್ತಿದ್ದೇನೆ: ಕಾರಣ, ಲಕ್ಷಣ, ಇಸಿಜಿ, ಚಿಕಿತ್ಸೆ. ಸೋಡಿಯಂ ಹೇಗೋ ಮುಗಿಯಿತು. ಪೊಟ್ಯಾಶಿಯಂ ಹೆಚ್ಚಳದಲ್ಲಿ ಸಿಕ್ಕಿಕೊಂಡಿದ್ದೇನೆ.

ಕಳೆದ ತಿಂಗಳು ಅಡಿಕೆ ತೋಟದ ಹಿರಿಯರೊಬ್ಬರು ಬಂದಿದ್ದರು. ಮೂತ್ರಪಿಂಡ ಮೊದಲೇ ಸೋತಿತ್ತು. ಬಿಪಿಗೆ ಎನಲಾಪ್ರಿಲ್, ಮಂಡಿ ನೋವಿಗೆ ಅಂಗಡಿಯ ಮಾತ್ರೆ, ಸುಸ್ತೆಂದು ದಿನಕ್ಕೆರಡು ಎಳನೀರು ಬೇರೆ! ಕಾಲುಗಳಲ್ಲಿ ಬಲವಿರಲಿಲ್ಲ. ಇಸಿಜಿಯಲ್ಲಿ ಟಿ ಅಲೆಗಳು ಗುಡಾರದಂತೆ ಚೂಪಾಗಿ ಎದ್ದಿದ್ದವು, ಪಿ ಅಲೆ ಮಾಯವಾಗಿತ್ತು, ಕ್ಯೂಆರ್‌ಎಸ್ ಅಗಲವಾಗಿತ್ತು. ರಕ್ತದ ವರದಿ 7.2 ಎಂದು ಬರುವ ಮುನ್ನವೇ 10% ಕ್ಯಾಲ್ಸಿಯಂ ಗ್ಲೂಕೊನೇಟ್ 10 ಮಿಲಿ ನಿಧಾನವಾಗಿ ರಕ್ತನಾಳಕ್ಕೆ ಕೊಟ್ಟೆವು. ಕೆಲವೇ ನಿಮಿಷಗಳಲ್ಲಿ ಕ್ಯೂಆರ್‌ಎಸ್ ಕಿರಿದಾಯಿತು. ನಮ್ಮ ಹೊಸ ನರ್ಸ್ "ಇಳಿಯಿತಲ್ಲ, ಮೇಡಂ" ಎಂದರು. ಪೊಟ್ಯಾಶಿಯಂ ಇಳಿದಿರಲಿಲ್ಲ. ಕ್ಯಾಲ್ಸಿಯಂ ಹೃದಯವನ್ನು ಅರ್ಧ, ಒಂದು ಗಂಟೆ ಕಾಯುತ್ತದೆ, ಅಷ್ಟೇ. ಪೊಟ್ಯಾಶಿಯಂ ಅನ್ನು ಜೀವಕೋಶದೊಳಗೆ ತಳ್ಳಲು 10 ಯೂನಿಟ್ ಇನ್ಸುಲಿನ್ ಮತ್ತು 25 ಗ್ರಾಂ ಗ್ಲೂಕೋಸ್ ಕೊಟ್ಟೆವು. ದೇಹದಿಂದ ಹೊರಹಾಕಲು ಡಯಾಲಿಸಿಸ್ ಬೇಕಿತ್ತು, ಶಿವಮೊಗ್ಗಕ್ಕೆ ಕಳುಹಿಸಿದೆವು. ಇನ್ಸುಲಿನ್ ನಂತರ ಸಕ್ಕರೆ ಕುಸಿಯಬಹುದಾದ್ದರಿಂದ ದಾರಿಯುದ್ದಕ್ಕೂ ಗ್ಲೂಕೋಮೀಟರ್ ಜೊತೆಗಿತ್ತು.

ಈ ಗೊಂದಲ ತಪ್ಪಿಸಲು ಚಿಕಿತ್ಸೆಯ ಅಂಕಣವನ್ನು ಕಾಯುವುದು, ತಳ್ಳುವುದು, ಹೊರಹಾಕುವುದು ಎಂದು ಮೂರಾಗಿ ಒಡೆಯಲೇ? ಹಾಗೆ ಮಾಡಿದರೆ ಉಳಿದ ಸಾಲುಗಳಲ್ಲಿ ಖಾಲಿ ಚೌಕಗಳೇ ತುಂಬುತ್ತವೆ. ಇನ್ನೊಂದು: ಪೊಟ್ಯಾಶಿಯಂ ತುಂಬಾ ಏರಿದ್ದರೂ ಇಸಿಜಿ ಸಹಜವಾಗಿರಬಹುದು, ಸಿರಿಂಜ್‌ನಲ್ಲಿ ರಕ್ತಕಣ ಒಡೆದರೆ ವರದಿ ಸುಳ್ಳೇ ಏರಬಹುದು. ಈ ಎರಡು ಎಚ್ಚರಿಕೆಗಳನ್ನು ಎಲ್ಲಿ ಬರೆಯಲಿ? ಇಂಥ ಪಟ್ಟಿಯನ್ನು ವಾರ್ಡಿನ ಗೋಡೆಗೆ ಅಂಟಿಸಿ ಬಳಸಿದವರು ದಯವಿಟ್ಟು ತಿಳಿಸಿ.