ಸಹಾಯ ಬೇಕು: ಅಂಕಿ, ಕಾರಣ ಎರಡೂ ಕೆಡದಂತೆ ಈ ಸಾಲನ್ನು ಬೇರೆ ಮಾತಲ್ಲಿ ಬರೆಯುವುದು ಹೇಗೆ?

ಮೂಲ: "ವಿಯೆನ್ನಾದ ಹೆರಿಗೆ ಆಸ್ಪತ್ರೆಯ ಮೊದಲ ವಿಭಾಗದಲ್ಲಿ 1847ರ ಏಪ್ರಿಲ್‌ನಲ್ಲಿ ಶೇ 18.3ರಷ್ಟಿದ್ದ ಬಾಣಂತಿಯರ ಸಾವಿನ ಪ್ರಮಾಣ ಜೂನ್‌ನಲ್ಲಿ ಶೇ 2.2ಕ್ಕೆ ಇಳಿಯಿತು. ಮೇ ತಿಂಗಳಲ್ಲಿ ವೈದ್ಯರು ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯತೊಡಗಿದ್ದೇ ಕಾರಣ ಎಂದು ಅಲ್ಲಿನ ವೈದ್ಯ ಸೆಮೆಲ್‌ವೈಸ್ ವಾದಿಸಿದರು."

ನನ್ನ ಕರಡು: "ಕೈ ತೊಳೆದ ಮೇಲೆ ಸಾವು ಶೇ 16ರಷ್ಟು ಕಡಿಮೆಯಾಯಿತು."

ಇದು ತಪ್ಪು ಅಂತ ಗೊತ್ತು. 16.1 ಎಂಬುದು ಶೇಕಡಾ ಅಂಶಗಳ ವ್ಯತ್ಯಾಸ. ನಿಜವಾದ ಇಳಿಕೆ ಸುಮಾರು ಶೇ 88. 'ಸಾವು' ಎಂದರೆ ಸಂಖ್ಯೆಯಾಗುತ್ತದೆ, ಮೂಲದಲ್ಲಿರುವುದು ಪ್ರಮಾಣ. 'ಮೇಲೆ' ಎಂದಾಗ ಕಾರಣ ಹೋಗಿ ಬರೀ ಕಾಲಕ್ರಮ ಉಳಿಯುತ್ತದೆ. 'ತೊಳೆದದ್ದರಿಂದ' ಎಂದರೆ ಸೆಮೆಲ್‌ವೈಸ್ ವಾದ ನನ್ನದೇ ತೀರ್ಮಾನವಾಗಿಬಿಡುತ್ತದೆ!

"ಪ್ರಮಾಣ ಎರಡು ತಿಂಗಳಲ್ಲಿ ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯಿತು, ಕೈ ತೊಳೆದದ್ದೇ ಇದಕ್ಕೆ ಕಾರಣವೆಂಬುದು ಸೆಮೆಲ್‌ವೈಸ್ ಅವರ ವಾದ" ಎಂದರೆ ಸಾಕೇ, ಅಥವಾ ಮೂಲದ ಎರಡೂ ಶೇಕಡಾವಾರು ಇರಲೇಬೇಕೇ?