ಸಹಿ ಹಾಕೋ ಮುಂಚೆ ಕೇಳಿ: ರದ್ದತಿ, ನೋಟಿಸ್, ಆಟೋ ರಿನ್ಯೂವಲ್ (ವಕೀಲರ ಜೊತೆ ಪ್ರಶ್ನೋತ್ತರ)

ಸುಜಾತಾ: ಮೇಡಂ, ಹುಬ್ಬಳ್ಳಿಯೊಳಗ ನಂದೊಂದು ಸಣ್ಣ ಹೊಲಿಗಿ ಅಂಗಡಿ ಐತ್ರಿ, ಒಬ್ಬಾಕಿನ ನಡಸ್ತೀನಿ. ಬಿಲ್ಲಿಂಗ್ ಸಾಫ್ಟ್‌ವೇರ್ ತಗೊಳ್ಳಾಕತ್ತೀನಿ, ವರ್ಷಕ್ಕ 18,000. ಸೇಲ್ಸ್ ಹುಡುಗ ‘ಯಾವಾಗ ಬೇಕಾದ್ರೂ ಬಿಡಬಹುದು’ ಅಂತಾನ. ಪಿಡಿಎಫ್‌ನ್ಯಾಗ cancel ಅಂತ ಹುಡುಕಿದ್ರ ಏನೂ ಬರವಲ್ದು. ಒಂದ ಕಡೆ 30 ದಿನದ ನೋಟಿಸ್ ಅಂತ ಐತಿ. ಸಹಿ ಮಾಡ್ಲೇನ್ರಿ? ಪುಟಗಳ ಫೋಟೋ ಹಾಕೀನಿ.

ವಕೀಲರು: ಇನ್ನೂ ಸಹಿ ಮಾಡಬೇಡಿ ಸುಜಾತಾ ಅವರೇ. ಫೋಟೋ ನೋಡಿದೆ. ಆ 30 ದಿನ ನೀವು ಬಿಟ್ಟು ಹೋಗೋದಕ್ಕಲ್ಲ. ಕಂಪನಿ ತಪ್ಪು ಮಾಡಿದರೆ ನೀವು ನೋಟಿಸ್ ಕೊಡಬೇಕು, ಸರಿಪಡಿಸೋಕೆ ಅವರಿಗೆ 30 ದಿನ, ಆಮೇಲೂ ಸರಿ ಹೋಗದಿದ್ದರೆ ಮಾತ್ರ ಬಿಡುಗಡೆ. ಸುಮ್ಮನೆ ಬೇಡ ಅನ್ನಿಸಿದರೆ ಬಿಡೋ ಹಕ್ಕು ಈ ಒಪ್ಪಂದದಲ್ಲಿ ಎಲ್ಲೂ ಇಲ್ಲ.

ನಿಮಗೆ ಬೇಕಾದದ್ದು 2ನೇ ಪುಟದಲ್ಲಿ, ಅವಧಿ ಅನ್ನೋ ತಲೆಬರಹದ ಕೆಳಗಿದೆ. ಸಾಮಾನ್ಯವಾಗಿ ಅಲ್ಲೇ ಇರುತ್ತೆ, ಯಾಕಂದ್ರೆ ಅಲ್ಲಿ ಯಾರೂ ಹುಡುಕಲ್ಲ. cancel ಬಿಟ್ಟು renew, terminat, unless ಅಂತ ಹುಡುಕಿ. terminat ಅಂತ ಅರ್ಧಕ್ಕೇ ನಿಲ್ಲಿಸಿದರೆ ಆ ಪದದ ಎಲ್ಲಾ ರೂಪ ಸಿಗುತ್ತೆ. ನಿಮ್ಮದರಲ್ಲಿ unless ಇರೋ ವಾಕ್ಯದ ಅರ್ಥ ಇಷ್ಟು: ಅವಧಿ ಮುಗಿಯೋಕೆ ಕನಿಷ್ಠ 60 ದಿನ ಮುಂಚೆ ಬರಹದಲ್ಲಿ ಬೇಡ ಅನ್ನದಿದ್ದರೆ ಇನ್ನೊಂದು ಪೂರ್ತಿ ವರ್ಷಕ್ಕೆ ನವೀಕರಣ, ಅದೂ ಆಗಿನ ದರದಲ್ಲಿ. 18,000 ಅಂತ ಎಲ್ಲೂ ಹೇಳಿಲ್ಲ.

ಲೆಕ್ಕ ಹಾಕಿ. ಜೂನ್ 1ಕ್ಕೆ ಶುರು ಮಾಡಿದರೆ ಮೇ 31ಕ್ಕೆ ವರ್ಷ ಮುಗೀತು. 60 ದಿನ ಹಿಂದಕ್ಕೆ ಎಣಿಸಿದರೆ ಏಪ್ರಿಲ್ 1. ಆದರೆ 12ನೇ ಪುಟದಲ್ಲಿ ನೋಟಿಸ್ ಸ್ಪೀಡ್ ಪೋಸ್ಟಲ್ಲೇ, ನೋಂದಾಯಿತ ಕಚೇರಿಗೇ ಹೋಗಬೇಕು, ತಲುಪಿದ ದಿನವೇ ಲೆಕ್ಕ ಅಂತಿದೆ. ಅಂದರೆ ಮಾರ್ಚ್ ಮಧ್ಯದಲ್ಲೇ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಬೇಕು. ಸೇಲ್ಸ್ ಹುಡುಗನಿಗೆ ವಾಟ್ಸಾಪ್ ಮಾಡಿದರೆ ನೋಟಿಸ್ ಆಗಲ್ಲ.

ಅವನ ಬಾಯಿಮಾತೂ ನಿಲ್ಲಲ್ಲ. ಈ ಬರಹದಲ್ಲಿ ಇರೋದಷ್ಟೇ ಒಪ್ಪಂದ ಅಂತ ಕೊನೇ ಪುಟದಲ್ಲಿ ಬರೆದಿದ್ದಾರೆ. ಆರ್ಡರ್ ಫಾರ್ಮ್ ಮೇಲೆ ‘ತಾನಾಗೇ ನವೀಕರಣ ಇಲ್ಲ, ಇಮೇಲ್ ನೋಟಿಸ್ ಸಾಕು’ ಅಂತ ಬರೆಸಿ, ಅವರ ಸಹಿ ತಗೊಳ್ಳಿ. ಫಾರ್ಮಿಗೂ ಷರತ್ತಿಗೂ ಹೊಂದದಿದ್ದರೆ ಯಾವುದು ನಡೆಯುತ್ತೆ ಅನ್ನೋ ಸಾಲು ಫೋಟೋದಲ್ಲಿ ಕಾಣಿಸ್ತಿಲ್ಲ, ಅದನ್ನೂ ನೋಡಿ.

ನಾಗರಾಜ್: ಇಷ್ಟೆಲ್ಲಾ ಯಾಕೆ ಮೇಡಂ? ಆರ್‌ಬಿಐ ರೂಲ್ ಇದೆ. ಆಟೋ ಡೆಬಿಟ್‌ಗೆ 24 ಗಂಟೆ ಮುಂಚೆ ಮೆಸೇಜ್ ಬರಲೇಬೇಕು. 15,000 ದಾಟಿದ್ರೆ ಓಟಿಪಿ ಇಲ್ಲದೆ ಕಟ್ ಆಗಲ್ಲ.

ವಕೀಲರು: ಕಾರ್ಡು, ಯುಪಿಐಗೆ ಆ ನಿಯಮ ನಿಜ. ಆದರೆ ಆ ಮೆಸೇಜ್ ಬರೋದು ಮೇ ಕೊನೆಗೆ, ನೋಟಿಸ್ ಗಡುವು ಏಪ್ರಿಲ್ 1ಕ್ಕೇ ಮುಗಿದಿರುತ್ತೆ. ಓಟಿಪಿ ಕೊಡದಿದ್ದರೆ ದುಡ್ಡು ಹೋಗಲ್ಲ, ಬಾಕಿ ಉಳಿಯುತ್ತೆ.

ಮಂಜುನಾಥ: ಜಿಮ್‌ದು ಎಲ್ಲಿ ಹುಡುಕೋದು ಮೇಡಂ?

ವಕೀಲರು: ಮೇಲೆ ಹೇಳಿದೆ. ಅದೇ ಮೂರು ಪದ.

ಪದ್ಮಾ: Forwarded: ‘ಆ್ಯಪ್ ಡಿಲೀಟ್ ಮಾಡಿ, ಯುಪಿಐ ಮ್ಯಾಂಡೇಟ್ ರದ್ದು ಮಾಡಿದರೆ ಕಾನೂನು ಪ್ರಕಾರ ಒಪ್ಪಂದವೇ ರದ್ದು. ಎಲ್ಲರಿಗೂ ಕಳಿಸಿ.’ ನಿಜಾನಾ?

ವಕೀಲರು: ಸುಳ್ಳು. ದಯವಿಟ್ಟು ಯಾರಿಗೂ ಕಳಿಸಬೇಡಿ. ಮ್ಯಾಂಡೇಟ್ ರದ್ದು ಮಾಡಿದರೆ ದುಡ್ಡು ಹೋಗೋ ದಾರಿ ಮುಚ್ಚುತ್ತೆ, ಅಷ್ಟೇ. ಇದನ್ನು ನಂಬಿಕೊಂಡು ಕೂತವರು ಲೀಗಲ್ ನೋಟಿಸ್ ಹಿಡ್ಕೊಂಡು ನಮ್ಮ ಆಫೀಸಿಗೆ ಬರ್ತಾರೆ.

ನಾಗರಾಜ್: ನಾನು ಹಾಗೇ ಮಾಡಿದ್ದೆ, ಏನೂ ಆಗಿಲ್ಲ.

ಕಿರಣ್: ನಿಮ್ಮದು ತಿಂಗಳಿಗೆ 199ರ ಸಿನಿಮಾ ಆ್ಯಪ್ ಇರಬೇಕು. ಅವರದು ವ್ಯಾಪಾರದ ಒಪ್ಪಂದ. ಅವರಿಗೆ ಗ್ರಾಹಕ ಕೋರ್ಟೂ ಇಲ್ಲ.

ನಾಗರಾಜ್: ನೀವು ವಕೀಲರಾ?

ಕಿರಣ್: ಓದೋಕೆ ಬರುತ್ತೆ, ಸಾಕಲ್ವಾ.

ವಕೀಲರು: ಕಿರಣ್, ಪೂರ್ತಿ ಓದಿ. ಸ್ವಂತ ಉದ್ಯೋಗದಿಂದ ಹೊಟ್ಟೆ ಹೊರೆಯೋದಕ್ಕೆ ಮಾತ್ರ ಕೊಂಡಿದ್ದರೆ ಅಂಥವರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕರೇ. ಒಬ್ಬರೇ ಅಂಗಡಿ ನಡೆಸೋ ಸುಜಾತಾ ಹಾಗೆ ವಾದ ಮಾಡಬಹುದು. ಎದುರಿನವರು ಒಪ್ಪಲ್ಲ, ಅದು ಬೇರೆ ಮಾತು.

ಲೋಕೇಶ್ (ಮ್ಯೂನಿಕ್): ಇಲ್ಲಿ ಜರ್ಮನಿಯಲ್ಲಿ 2022ರ ಮಾರ್ಚ್‌ನಿಂದ ಮಾಡಿದ ಜಿಮ್ ಒಪ್ಪಂದಗಳು ಮೊದಲ ಅವಧಿ ಮುಗಿದ ಮೇಲೆ ಮತ್ತೆ ವರ್ಷಗಟ್ಟಲೆ ಕಟ್ಟಿಹಾಕೋ ಹಾಗಿಲ್ಲ, ಒಂದು ತಿಂಗಳ ನೋಟಿಸ್ ಸಾಕು. ನಂದು 2021ರದ್ದು. ಹಳೇ ಷರತ್ತೇನಾ?

ಪುಟ್ಟಸ್ವಾಮಿ: ನಮ್ಮ ಬಾಡಿಗೆ ಮನೆ 11 ತಿಂಗಳ ಅಗ್ರಿಮೆಂಟು, ಓನರ್ ಪೇಂಟಿಂಗ್ ಅಂತ ಅಡ್ವಾನ್ಸ್ ಮುರ್ಕೊಂಡಿದಾರೆ.

ಕಿರಣ್: ಅಣ್ಣ, ಅದಕ್ಕೂ ಇದಕ್ಕೂ ಏನ್ ಸಂಬಂಧ?

ಪುಟ್ಟಸ್ವಾಮಿ: ನಿನ್ನ ಕೇಳಿದ್ನಾ?

ಸುಜಾತಾ: ಮೇಡಂ, ಕೇಳಿದೆ. ಫಾರ್ಮ್ ಬದಲ ಮಾಡಾಕ ಬರಂಗಿಲ್ಲ ಅಂದ. ತಿಂಗಳ ಪ್ಲಾನ್ 1,900 ಐತಂತ. ವರ್ಷಕ್ಕ 4,800 ಜಾಸ್ತಿ ಆಕ್ಕೈತಿ.

ವಕೀಲರು: ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಮೂರು ತಿಂಗಳು ಅದನ್ನೇ ತಗೋತಿದ್ದೆ. ತಿಂಗಳ ಪ್ಲಾನಿಗೂ ಇದೇ ಪಿಡಿಎಫ್ ಅನ್ವಯ ಆಗುತ್ತಾ ಅಂತ ಮೊದಲು ಇಮೇಲ್‌ನಲ್ಲಿ ಕೇಳಿ. ಆಗುತ್ತೆ ಅಂದರೆ 60 ದಿನದ ಸಾಲು ಅಲ್ಲೂ ಅಂಟಿಕೊಳ್ಳುತ್ತೆ, ಬಿಡೋ ಮುಂಚೆ ಎರಡು ತಿಂಗಳ ದುಡ್ಡು ಸುಮ್ಮನೆ ಹೋಗುತ್ತೆ.

ಮಂಜುನಾಥ: ಮೇಡಂ, ಜಿಮ್‌ನವರು ಪಿಡಿಎಫ್ ಕೊಟ್ಟಿಲ್ಲ, ಗೋಡೆ ಮೇಲೆ ಬೋರ್ಡ್ ಇದೆ.

ವಕೀಲರು: ಬೋರ್ಡಿನ ಫೋಟೋ ಹೊಡ್ಕೊಳ್ಳಿ. ಇವತ್ತಿಗೆ ಇಷ್ಟು. ಇನ್ನು ಪಿಡಿಎಫ್ ಇನ್‌ಬಾಕ್ಸಿಗೆ ಕಳಿಸಬೇಡಿ.

ನಾಗರಾಜ್: ಪಿಡಿಎಫ್ ಇನ್‌ಬಾಕ್ಸಿಗೆ ಕಳಿಸಿದೀನಿ ಮೇಡಂ.