ಪಿತ್ತನಾಳದಲ್ಲಿ ಕಲ್ಲಿನ ಅನುಮಾನ: ಅಲ್ಟ್ರಾಸೌಂಡ್ ಆದ ಮೇಲೆ ಸಿ.ಟಿ.ಯೋ, ಎಂ.ಆರ್.ಐ.ಯೋ?

ಪ್ರಶ್ನೆ (ಹಾಸನದಿಂದ): ಅಮ್ಮನಿಗೆ 58 ವರ್ಷ. ಊಟವಾದ ಮೇಲೆ ಬಲ ಪಕ್ಕೆಯ ಕೆಳಗೆ ನೋವು ಬಂದು ಬೆನ್ನಿನವರೆಗೆ ಹರಡುತ್ತದೆ. ನಾಲ್ಕು ದಿನಗಳಿಂದ ಕಣ್ಣು ಹಳದಿಯಾಗಿದೆ, ಬಿಲಿರುಬಿನ್ 2.8 ಇದೆ. ಜ್ವರವಿಲ್ಲ. ಅಲ್ಟ್ರಾಸೌಂಡ್ ವರದಿಯಲ್ಲಿ ಪಿತ್ತಕೋಶದಲ್ಲಿ ಹಲವು ಕಲ್ಲುಗಳು, ಪಿತ್ತನಾಳ 9 ಮಿ.ಮೀ., ಅದರ ಕೆಳತುದಿ ಕಾಣುತ್ತಿಲ್ಲ ಎಂದು ಬರೆದಿದ್ದಾರೆ. ವೈದ್ಯರು ಎಂ.ಆರ್.ಐ. ಯಂತ್ರದಲ್ಲಿ ಮಾಡುವ ಎಂ.ಆರ್.ಸಿ.ಪಿ. ಪರೀಕ್ಷೆ ಮಾಡಿಸಿ ಎಂದಿದ್ದಾರೆ. ನಮ್ಮೂರಿನ ಹತ್ತಿರವೇ ಸಿ.ಟಿ. ಇದೆ, ಖರ್ಚೂ ಕಡಿಮೆ. ಅದನ್ನೇ ಮಾಡಿಸಿದರೆ ಸಾಲದೇ?

ಪ್ರಯೋಗಾಲಯ ತಂತ್ರಜ್ಞರು: ಕಲ್ಲು ಗಟ್ಟಿ ವಸ್ತು. ಗಟ್ಟಿ ವಸ್ತುವನ್ನು ತೋರಿಸುವುದು ಸಿ.ಟಿ., ಏಕೆಂದರೆ ಅದು ಎಕ್ಸ್‌ರೇಯಿಂದಲೇ ಕೆಲಸ ಮಾಡುತ್ತದೆ. ಎಂ.ಆರ್.ಐ. ಇರುವುದು ಮಿದುಳು, ನರ, ಮಂಡಿಯ ಸ್ನಾಯುಗಳಿಗೆ. ಹೊಟ್ಟೆಗೆ ಅದು ಬೇಕಾಗುವುದಿಲ್ಲ. ನನ್ನ ಪ್ರಕಾರ ಸಿ.ಟಿ. ಮಾಡಿಸಿ.

ನಿವೃತ್ತ ಶಿಕ್ಷಕರು: ನನ್ನ ಅನುಭವವೂ ಅದೇ. ಎಡ ಸೊಂಟದಲ್ಲಿ ತಡೆಯಲಾರದ ನೋವು ಬಂದಿತ್ತು. ಅಲ್ಟ್ರಾಸೌಂಡಿನಲ್ಲಿ ಏನೂ ಸಿಗಲಿಲ್ಲ. ಸಿ.ಟಿ.ಯಲ್ಲಿ ಮೂತ್ರನಾಳದಲ್ಲಿ ಸಿಕ್ಕಿಕೊಂಡಿದ್ದ 5 ಮಿ.ಮೀ. ಕಲ್ಲು ತಕ್ಷಣ ಕಂಡಿತು. ಕಲ್ಲಿಗೆ ಸಿ.ಟಿ.ಯೇ ಸರಿ.

ರೇಡಿಯಾಲಜಿ ವೈದ್ಯೆ: ಮೇಷ್ಟ್ರೇ, ನಿಮ್ಮ ವಿಷಯದಲ್ಲಿ ನಡೆದದ್ದು ಸರಿಯಾಗಿಯೇ ಇದೆ. ಆದರೆ ನಿಮ್ಮದು ಮೂತ್ರದ ಕಲ್ಲು, ಈ ತಾಯಿಯದು ಪಿತ್ತದ ಕಲ್ಲು. ಮೂತ್ರದ ಕಲ್ಲುಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಇರುತ್ತದೆ. ಸಾಮಾನ್ಯ ಎಕ್ಸ್‌ರೇಗೆ ಕಾಣದ ಯೂರಿಕ್ ಆಮ್ಲದ ಕಲ್ಲು ಕೂಡ ಸಿ.ಟಿ.ಯಲ್ಲಿ ಬೆಳ್ಳಗೆ ಕಾಣುತ್ತದೆ. ಪಿತ್ತದ ಕಲ್ಲುಗಳು ಹೆಚ್ಚಾಗಿ ಕೊಲೆಸ್ಟ್ರಾಲ್‌ನಿಂದ ಆದವು. ಸಿ.ಟಿ. ನೋಡುವುದು ಕೈಗೆ ಗಟ್ಟಿಯೋ ಮೆತ್ತಗೋ ಎಂಬುದನ್ನಲ್ಲ, ಒಂದು ವಸ್ತು ಎಕ್ಸ್‌ರೇಯನ್ನು ಎಷ್ಟು ತಡೆಯುತ್ತದೆ ಎಂಬುದನ್ನು. ಕೊಲೆಸ್ಟ್ರಾಲ್ ಕಲ್ಲೂ ಅದರ ಸುತ್ತಲಿನ ಪಿತ್ತರಸವೂ ಬಹುತೇಕ ಒಂದೇ ಪ್ರಮಾಣದಲ್ಲಿ ತಡೆದರೆ, ನೀರಿನ ಲೋಟದಲ್ಲಿ ಮುಳುಗಿಸಿದ ಗಾಜಿನ ಚೂರಿನಂತೆ ಕಲ್ಲು ಇದ್ದೂ ಕಾಣುವುದಿಲ್ಲ. ವರದಿಯಲ್ಲಿ ಕಲ್ಲಿಲ್ಲ ಎಂದು ಬಂದರೆ ನೀವು ನಿರಾಳರಾಗುತ್ತೀರಿ, ನಾಳದಲ್ಲಿ ಕಲ್ಲು ಹಾಗೆಯೇ ಕುಳಿತಿರುತ್ತದೆ. ಇದೇ ನನ್ನ ಆತಂಕ.

ಪಿತ್ತಕೋಶದ ಮಟ್ಟಿಗೆ ಅತ್ಯುತ್ತಮ ಪರೀಕ್ಷೆ ಈಗಾಗಲೇ ಆಗಿದೆ. ಅಲ್ಟ್ರಾಸೌಂಡನ್ನು ಅಗ್ಗದ, ಆರಂಭದ ಪರೀಕ್ಷೆ ಎಂದು ಜನ ಕಡೆಗಣಿಸುವುದು ನನಗೆ ಬೇಸರದ ಸಂಗತಿ. ಶಬ್ದದ ಅಲೆ ದ್ರವದಲ್ಲಿ ಸಲೀಸಾಗಿ ಹೋಗುತ್ತದೆ, ಪಿತ್ತಕೋಶವೆಂದರೆ ದ್ರವ ತುಂಬಿದ ಚೀಲ. ಕಲ್ಲಿಗೆ ತಾಗಿದ ಅಲೆ ಜೋರಾಗಿ ಹಿಂತಿರುಗುವುದರಿಂದ ಕಲ್ಲು ಬೆಳ್ಳಗೆ ಕಾಣುತ್ತದೆ, ಅದರ ಹಿಂದೆ ಕಪ್ಪು ನೆರಳು ಬೀಳುತ್ತದೆ. ರೋಗಿಯನ್ನು ಎಡಕ್ಕೆ ಹೊರಳಿಸಿದರೆ ಕಲ್ಲೂ ಉರುಳುತ್ತದೆ. ಗೋಡೆಗೆ ಅಂಟಿದ ಪಾಲಿಪ್ ಆಗಿದ್ದರೆ ಉರುಳುವುದಿಲ್ಲ, ಅಂಥ ನೆರಳೂ ಬೀಳುವುದಿಲ್ಲ. ಆರರಿಂದ ಎಂಟು ಗಂಟೆ ಹಸಿದು ಬನ್ನಿ ಎನ್ನುವುದು ಚೀಲ ತುಂಬಿರಲಿ ಎಂದೇ. ಊಟ ಮಾಡಿದರೆ ಅದು ಕುಗ್ಗಿಬಿಡುತ್ತದೆ.

ಅಲ್ಟ್ರಾಸೌಂಡ್ ಸೋಲುವುದು ಗಾಳಿಯ ಎದುರು. ಪಿತ್ತನಾಳದ ಕೆಳತುದಿ ಸಣ್ಣ ಕರುಳಿನ ಮೊದಲ ಭಾಗದ ಹಿಂದೆ ಇಳಿಯುತ್ತದೆ, ಆ ಕರುಳಿನಲ್ಲಿ ಗಾಳಿ ಇದ್ದೇ ಇರುತ್ತದೆ. ಕೆಳತುದಿ ಕಾಣುತ್ತಿಲ್ಲ ಎಂದು ಬರೆದವರು ಪ್ರಾಮಾಣಿಕವಾಗಿ ಬರೆದಿದ್ದಾರೆ. ಪಿತ್ತಕೋಶ ಇರುವವರಲ್ಲಿ ನಾಳ ಸಾಮಾನ್ಯವಾಗಿ 6 ಮಿ.ಮೀ. ಒಳಗೆ ಇರಬೇಕು, ವಯಸ್ಸಾದಂತೆ ತುಸು ಹಿಗ್ಗಬಹುದು. 9 ಮಿ.ಮೀ. ಮತ್ತು ಕಾಮಾಲೆ ಎರಡೂ ಇರುವುದರಿಂದ ಕೆಳಗೆ ಏನೋ ಅಡ್ಡ ಬಂದಿದೆ ಎಂಬ ಅನುಮಾನ ನ್ಯಾಯವಾದದ್ದು.

ಎಂ.ಆರ್.ಸಿ.ಪಿ. ಎಂದರೆ ಎಂ.ಆರ್.ಐ. ಯಂತ್ರದಲ್ಲೇ ಪಿತ್ತನಾಳಗಳಿಗಾಗಿ ಹೊಂದಿಸಿದ ಪರೀಕ್ಷೆ. ನಿಂತ ದ್ರವ ಮಾತ್ರ ಹೊಳೆಯುವಂತೆ, ಉಳಿದದ್ದೆಲ್ಲ ಕಪ್ಪಾಗುವಂತೆ ಅದರ ಚಿತ್ರ ಬರುತ್ತದೆ. ಅದರಲ್ಲಿಯೂ ಕಲ್ಲು ತಾನಾಗಿ ಕಾಣುವುದಿಲ್ಲ. ಹೊಳೆಯುವ ಪಿತ್ತದ ನಡುವೆ ಕಪ್ಪು ರಂಧ್ರದಂತೆ ಕಾಣುತ್ತದೆ, ನಮಗೆ ಅಷ್ಟೇ ಸಾಕು. ಸಾಮಾನ್ಯವಾಗಿ ಇಂಜೆಕ್ಷನ್ ಬೇಡ, ವಿಕಿರಣವೂ ಇಲ್ಲ. ಆದರೆ 3 ಮಿ.ಮೀ.ಗಿಂತ ಚಿಕ್ಕ ಕಲ್ಲು ತಪ್ಪಿಹೋಗಬಹುದು, ಗಾಳಿಯ ಗುಳ್ಳೆಯೂ ಕಲ್ಲಿನಂತೆ ಕಾಣಬಹುದು. ಮಲಗಿದಾಗ ಗುಳ್ಳೆ ಮೇಲೆ ತೇಲುತ್ತದೆ, ಕಲ್ಲು ಸಾಮಾನ್ಯವಾಗಿ ತಳಕ್ಕೆ ಕೂರುತ್ತದೆ. ಅಡ್ಡ ಸೀಳಿನ ಚಿತ್ರದಲ್ಲಿ ಇದನ್ನು ನೋಡಿ ಬೇರ್ಪಡಿಸುತ್ತೇವೆ.

ಪ್ರಯೋಗಾಲಯ ತಂತ್ರಜ್ಞರು: ಕೊಲೆಸ್ಟ್ರಾಲ್ ಕಲ್ಲಿನ ವಿಷಯ ಗೊತ್ತಿರಲಿಲ್ಲ, ಮೇಡಂ. ಆದರೂ ಸಿ.ಟಿ.ಯಲ್ಲಿ ಪಿತ್ತದ ಕಲ್ಲು ಎಂದು ಬಂದ ವರದಿಗಳನ್ನು ನಾನೇ ನೋಡಿದ್ದೇನೆ.

ರೇಡಿಯಾಲಜಿ ವೈದ್ಯೆ: ಖಂಡಿತ ಇರುತ್ತವೆ. ಕಲ್ಲಿನಲ್ಲಿ ಸಾಕಷ್ಟು ಕ್ಯಾಲ್ಸಿಯಂ ಸೇರಿದ್ದರೆ ಸಿ.ಟಿ. ಅದನ್ನು ಚೆನ್ನಾಗಿಯೇ ತೋರಿಸುತ್ತದೆ. ಕಂಡರೆ ನಂಬಬಹುದು. ಕಾಣದಿದ್ದಾಗ ಕಲ್ಲಿಲ್ಲ ಎಂದು ನಂಬುವಂತಿಲ್ಲ.

ಪ್ರಶ್ನೆ ಕೇಳಿದವರು: ಅಮ್ಮನಿಗೆ ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆ ಆಗಿದೆ, ಒಳಗೆ ಲೋಹವಿದೆ. ಮುಚ್ಚಿದ ಜಾಗವೆಂದರೆ ಭಯ ಬೇರೆ.

ರೇಡಿಯಾಲಜಿ ವೈದ್ಯೆ: ಮಂಡಿಯ ಕೃತಕ ಕೀಲು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ, ಹೊಟ್ಟೆಯ ಚಿತ್ರವನ್ನೂ ಕೆಡಿಸುವುದಿಲ್ಲ. ಆ ಶಸ್ತ್ರಚಿಕಿತ್ಸೆಯ ಡಿಸ್ಚಾರ್ಜ್ ಪತ್ರವನ್ನು ಜೊತೆಗೆ ಒಯ್ದು ಒಳಗೆ ಹೋಗುವ ಮುನ್ನವೇ ತೋರಿಸಿ. ಪೇಸ್‌ಮೇಕರ್ ಅಥವಾ ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್ ಇದ್ದಿದ್ದರೆ ಅದರ ಮಾದರಿ ಯಾವುದೆಂದು ಖಚಿತವಾಗುವವರೆಗೆ ನಾವು ಒಳಗೆ ಬಿಡುತ್ತಿರಲಿಲ್ಲ. ಭಯದ ವಿಷಯವನ್ನು ದಯವಿಟ್ಟು ಮೊದಲೇ ಹೇಳಿ. ಹೇಳಿದಾಗ ಉಸಿರು ಹಿಡಿಯಬೇಕಾಗುತ್ತದೆ, ಅಲುಗಾಡಿದರೆ ಸಣ್ಣ ಕಲ್ಲು ಮಸುಕಿನಲ್ಲಿ ಮುಚ್ಚಿಹೋಗುತ್ತದೆ. ಹಿಂದಿನ ದಿನ ಮನೆಯಲ್ಲಿ ಉಸಿರು ಹಿಡಿಯುವುದನ್ನು ಅಭ್ಯಾಸ ಮಾಡಿಸಿ. ನೀವು ಕೈಹಿಡಿದು ಪಕ್ಕದಲ್ಲಿರಲು ಅವಕಾಶವಿದೆಯೇ ಎಂದೂ ಕೇಳಿ.

ಸರ್ಜರಿ ವಿಭಾಗದ ಕಿರಿಯ ವೈದ್ಯ: ನಮ್ಮಲ್ಲಿ ಇಂಥವರಿಗೆ ಕೆಲವೊಮ್ಮೆ ಸ್ಕ್ಯಾನ್ ಬಿಟ್ಟು ನೇರವಾಗಿ ಇ.ಆರ್.ಸಿ.ಪಿ. ಮಾಡುತ್ತಾರೆ. ಬಾಯಿಯ ಮೂಲಕ ಕೊಳವೆ ಇಳಿಸಿ ಕಲ್ಲನ್ನು ತೆಗೆದೇ ಬಿಡಬಹುದು. ಎರಡು ಖರ್ಚು ಯಾಕೆ?

ರೇಡಿಯಾಲಜಿ ವೈದ್ಯೆ: ಬಿಲಿರುಬಿನ್ 4 ದಾಟಿ ನಾಳವೂ ಹಿಗ್ಗಿದ್ದರೆ, ಅಥವಾ ನಾಳದಲ್ಲಿ ಕಲ್ಲು ಅಲ್ಟ್ರಾಸೌಂಡಿನಲ್ಲೇ ಕಂಡಿದ್ದರೆ ನಿಮ್ಮ ಮಾತಿಗೆ ನನ್ನ ಒಪ್ಪಿಗೆಯಿದೆ. 2.8 ಎನ್ನುವುದು ನಡುವಿನ ಸ್ಥಿತಿ. ಕಲ್ಲು ತಾನಾಗಿ ಕರುಳಿಗೆ ಜಾರಿಹೋಗಿರಲೂಬಹುದು. ಇ.ಆರ್.ಸಿ.ಪಿ.ಯಿಂದ ಕೆಲವರಿಗೆ ಮೇದೋಜೀರಕ ಗ್ರಂಥಿಯ ಉರಿಯೂತ ಬರುತ್ತದೆ, ಇಲ್ಲದ ಕಲ್ಲಿಗಾಗಿ ಆ ಅಪಾಯಕ್ಕೆ ಒಡ್ಡಬಾರದು. ಎಂಡೋಸ್ಕೋಪಿಯ ತುದಿಯಲ್ಲೇ ಅಲ್ಟ್ರಾಸೌಂಡ್ ಇರುವ ಪರೀಕ್ಷೆ ಚಿಕ್ಕ ಕಲ್ಲುಗಳಿಗೆ ಎಂ.ಆರ್.ಸಿ.ಪಿ.ಗಿಂತ ಮೇಲು ಎನ್ನುವವರಿದ್ದಾರೆ. ಅದು ಮಾಡುವವರ ಪಳಗಿದ ಕೈಯನ್ನು ಅವಲಂಬಿಸಿದೆ, ಎಲ್ಲ ಊರಲ್ಲೂ ಸಿಗುವುದಿಲ್ಲ. ಯಾವುದು ಮೊದಲು ಎಂಬುದರಲ್ಲಿ ನಮ್ಮೊಳಗೇ ಒಮ್ಮತವಿಲ್ಲ.

ಸರ್ಜರಿ ವಿಭಾಗದ ಕಿರಿಯ ವೈದ್ಯ: ಚಳಿಜ್ವರ ಬಂದರೆ?

ರೇಡಿಯಾಲಜಿ ವೈದ್ಯೆ: ಆಗ ಸ್ಕ್ಯಾನಿನ ಸರದಿಗೆ ಕಾಯುವಂತೆಯೇ ಇಲ್ಲ. ಕಾಮಾಲೆಯ ಜೊತೆ ನಡುಕ, ಜ್ವರ ಬಂದರೆ ನಾಳದಲ್ಲಿ ಸೋಂಕಾಗಿರಬಹುದು. ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು.

ನಿವೃತ್ತ ಶಿಕ್ಷಕರು: ಹಾಗಾದರೆ ಈ ತಾಯಿಗೆ ಸಿ.ಟಿ. ಬೇಕಾಗುವ ಸಂದರ್ಭವೇ ಇಲ್ಲವೇ?

ರೇಡಿಯಾಲಜಿ ವೈದ್ಯೆ: ಇದೆ, ಮೇಷ್ಟ್ರೇ. ಕಲ್ಲು ಕೆಳಗೆ ಸಿಕ್ಕಿ ಮೇದೋಜೀರಕ ಗ್ರಂಥಿಗೆ ಉರಿಯೂತವಾದರೆ, ಗ್ರಂಥಿಯ ಎಷ್ಟು ಭಾಗ ಸತ್ತಿದೆ, ಸುತ್ತ ಎಷ್ಟು ದ್ರವ ಸೇರಿದೆ ಎಂಬುದನ್ನು ಕಾಂಟ್ರಾಸ್ಟ್ ಎಂಬ ದ್ರವವನ್ನು ರಕ್ತನಾಳಕ್ಕೆ ಕೊಟ್ಟು ಮಾಡಿದ ಸಿ.ಟಿ. ಚೆನ್ನಾಗಿ ತೋರಿಸುತ್ತದೆ. ಅದನ್ನೂ ಮೊದಲ ದಿನವೇ ಮಾಡಿದರೆ ಹಾನಿ ಕಡಿಮೆಯೆಂದು ಕಾಣಬಹುದು, ಮೂರು ದಿನ ಕಳೆದ ಮೇಲೆ ಚಿತ್ರ ಸ್ಪಷ್ಟವಾಗುತ್ತದೆ. ಇನ್ನೊಂದು, ಎಂ.ಆರ್.ಸಿ.ಪಿ.ಯಲ್ಲಿ ಕಲ್ಲು ಸಿಗದೆ ನಾಳ ಥಟ್ಟನೆ ಕಿರಿದಾಗಿ ನಿಂತಿದ್ದರೆ ಗಡ್ಡೆಯ ಅನುಮಾನ ಬರುತ್ತದೆ. ಆಗ ಕಾಂಟ್ರಾಸ್ಟ್ ಸಿ.ಟಿ.ಯೇ ಮುಂದಿನ ಹೆಜ್ಜೆ, ಗಡ್ಡೆ ಪಕ್ಕದ ರಕ್ತನಾಳಗಳನ್ನು ಹಿಡಿದಿದೆಯೇ ಎಂದು ಅದು ತೋರಿಸುತ್ತದೆ. ಅದಕ್ಕೂ ಮುನ್ನ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡಿಕೊಳ್ಳಬೇಕು.

ಪ್ರಶ್ನೆ ಕೇಳಿದವರು: ನಾಳಿದ್ದಿಗೆ ಎಂ.ಆರ್.ಸಿ.ಪಿ. ಗೊತ್ತು ಮಾಡಿದ್ದೇವೆ. ಮಂಡಿಯ ಕಾಗದಗಳು ಸಿಕ್ಕವು. ಈ ಬೆಳಿಗ್ಗೆ ನೋವು ತುಂಬ ಕಡಿಮೆಯಾಗಿದೆ. ಹಾಗಾದರೆ ಕಲ್ಲು ಹೋಗಿದೆ ಎಂದುಕೊಳ್ಳಬಹುದೇ?

ರೇಡಿಯಾಲಜಿ ವೈದ್ಯೆ: ನೋವು ಇಳಿದ ಮಾತ್ರಕ್ಕೆ ಹಾಗೆ ಹೇಳಲಾಗದು, ಕಲ್ಲು ಮೇಲಕ್ಕೆ ಸರಿದು ತೇಲುತ್ತಿರಲೂಬಹುದು. ಸ್ಕ್ಯಾನಿಗೆ ಮುನ್ನ ಬಿಲಿರುಬಿನ್ ಇನ್ನೊಮ್ಮೆ ಮಾಡಿಸಿ, ಎರಡೂ ವರದಿಗಳನ್ನು ಅಲ್ಲಿ ಕೊಡಿ. ಅಲ್ಟ್ರಾಸೌಂಡ್ ವರದಿಯನ್ನೂ ಮರೆಯದೆ ಒಯ್ಯಿರಿ. ಯಾವ ಜಾಗ ಕಾಣಲಿಲ್ಲ ಎಂದು ತಿಳಿದಿದ್ದರೆ ಚಿತ್ರ ಓದುವವರು ಆ ಜಾಗವನ್ನು ಎರಡು ಬಾರಿ ನೋಡುತ್ತಾರೆ.